ಡೇರಿ ಚೀಟಿಯಲ್ಲಿ 4.4, ಟ್ರಕ್ ಶೀಟಿನಲ್ಲಿ 4.0: ನಡುವಿನ ಜಿಡ್ಡು ಎಲ್ಲಿ ಹೋಯ್ತು? – ಬಂಡ್ರಿ ಭಾಗದ ಒಂದು ಹಾಲು ಸಂಘದ ಕ್ಷೇತ್ರ ಭೇಟಿ

ಈ ವಾರ ತೋಟದ ವಿಷಯ ಬಿಟ್ಟು ಹಾಲಿನ ವಿಷಯಕ್ಕೆ ಬಂದಿದ್ದೇನೆ. ನಾನು ಓದಿದ್ದು ತೋಟಗಾರಿಕೆ, ಮಾಡ್ತಿರೋದು ಸಾವಯವ ಕೃಷಿ. ಈ ವರ್ಷ ಗ್ರಾಮೀಣ ನಿರ್ವಹಣೆ ಕೋರ್ಸಿಗೆ ಸೇರಿದ್ದೇನೆ. ಅದರಲ್ಲಿ ಒಂದು ಹಳ್ಳಿಯ ಸಹಕಾರ ಸಂಘಕ್ಕೆ ಹೋಗಿ, ಕೆಲವು ದಿನ ಅಲ್ಲೇ ಇದ್ದು, ವರದಿ ಬರೆಯಬೇಕು. ಸಂಡೂರು ತಾಲ್ಲೂಕಿನ ಬಂಡ್ರಿ ಭಾಗದ ಒಂದು ಊರಿನ ಡೇರಿಯನ್ನು ಆರಿಸಿಕೊಂಡೆ. ನನ್ನ ತೋಟಕ್ಕೆ ಸಗಣಿ ಗೊಬ್ಬರ ಬರೋದು ಆ ಕಡೆಯಿಂದಲೇ, ಹಾಗಾಗಿ ಜನ ಪರಿಚಯ. ಊರಿನ ಹೆಸರು, ಸಂಘದ ಹೆಸರು ಬರೆಯಲ್ಲ ಅಂತ ಮಾತು ಕೊಟ್ಟಿದ್ದೇನೆ, ಯಾಕೆ ಅನ್ನೋದು ಓದ್ತಾ ಗೊತ್ತಾಗುತ್ತೆ.

ವರದಿಗೆ ಕೊಟ್ಟ ನಮೂನೆಯಲ್ಲಿ ಸದಸ್ಯರ ಸಂಖ್ಯೆ, ಷೇರು ಬಂಡವಾಳ, ಆಡಳಿತ ಮಂಡಳಿ ಅಂತ ಕಾಲಂಗಳಿದ್ದವು. ಅವನ್ನೆಲ್ಲ ಅರ್ಧ ದಿನದಲ್ಲಿ ತುಂಬಿದೆ. ಉಳಿದ ದಿನಗಳೆಲ್ಲ ಒಂದೇ ಜಗಳದ ಹಿಂದೆ ಹೋದವು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇಂಥ ಜಗಳ ನಿಮ್ಮೂರ ಡೇರಿಯಲ್ಲೂ ಒಂದಲ್ಲ ಒಂದು ಸಲ ಆಗಿರುತ್ತೆ.

ಜಗಳ ಏನು?

ಸಂಘಕ್ಕೆ 43 ಜನ ಹಾಲು ಹಾಕ್ತಾರೆ. ಸಂಜೆ ಹೊತ್ತು ಸುಮಾರು 180 ಲೀಟರ್, ಬೆಳಿಗ್ಗೆಯೂ ಹೆಚ್ಚುಕಡಿಮೆ ಅಷ್ಟೇ. ಹಾಲು ತಂದವರ ಎದುರೇ ತೂಕ ಆಗುತ್ತೆ, ಸಣ್ಣ ಬಾಟಲಿಯಲ್ಲಿ ಮಾದರಿ ತೆಗೆದು ಯಂತ್ರಕ್ಕೆ ಇಡ್ತಾರೆ, ಚೀಟಿ ಬರುತ್ತೆ. ಚೀಟಿಯಲ್ಲಿ ಲೀಟರ್, ಜಿಡ್ಡು, ಎಸ್‌ಎನ್‌ಎಫ್, ದರ, ಒಟ್ಟು ಹಣ ಇರುತ್ತೆ. ಎಸ್‌ಎನ್‌ಎಫ್ ಅಂದರೆ ಹಾಲಿನಲ್ಲಿ ನೀರು ಮತ್ತು ಜಿಡ್ಡು ಬಿಟ್ಟು ಉಳಿಯುವ ಪ್ರೋಟೀನು, ಸಕ್ಕರೆ, ಖನಿಜಗಳು. ಹಸುವಿನ ಹಾಲಿಗೆ ಕಾನೂನಿನ ಪ್ರಕಾರ ಕನಿಷ್ಠ 3.2 ಜಿಡ್ಡು, 8.3 ಎಸ್‌ಎನ್‌ಎಫ್ ಇರಬೇಕು.

ಆಮೇಲೆ ಎಲ್ಲರ ಹಾಲೂ 40 ಲೀಟರಿನ ಕ್ಯಾನುಗಳಿಗೆ ಹೋಗುತ್ತೆ. ಕ್ಯಾನು ಲಾರಿ ಹತ್ತುತ್ತೆ. ಈ ಭಾಗದ ಸಂಘಗಳೆಲ್ಲ ರಾಯಚೂರು, ಬಳ್ಳಾರಿ, ಕೊಪ್ಪಳ, ವಿಜಯನಗರ ಜಿಲ್ಲೆಗಳ ಒಕ್ಕೂಟಕ್ಕೆ ಸೇರಿದವು. ಜನ ಅದನ್ನು ಚಿಕ್ಕದಾಗಿ ರಾಬಕೊವಿ ಅಂತಾರೆ. ಅಲ್ಲಿ ಸಂಘದ ಹಾಲನ್ನು ಮತ್ತೆ ತೂಗಿ, ಮತ್ತೆ ಪರೀಕ್ಷೆ ಮಾಡಿ, ಅದರ ಲೆಕ್ಕವನ್ನು ಟ್ರಕ್ ಶೀಟಿನಲ್ಲಿ ಬರೆದು ಕಳಿಸ್ತಾರೆ. ಅಂದರೆ ಒಂದೇ ಹಾಲಿಗೆ ಎರಡು ಪರೀಕ್ಷೆ. ಸಂಘ ಸದಸ್ಯರಿಗೆ ಹಣ ಕೊಡೋದು ಮೊದಲನೇ ಪರೀಕ್ಷೆ ಮೇಲೆ. ಸಂಘಕ್ಕೆ ಹಣ ಬರೋದು ಎರಡನೇ ಪರೀಕ್ಷೆ ಮೇಲೆ.

ನಾನು ಹೋಗುವ ಸ್ವಲ್ಪ ಮುಂಚೆ ಒಬ್ಬ ನಿರ್ದೇಶಕರು ಒಂದು ಸಂಜೆಯ 43 ಚೀಟಿಗಳ ಜಿಡ್ಡು ಕೂಡಿಸಿ, 43ರಿಂದ ಭಾಗಿಸಿ ನೋಡಿದ್ದರು. 4.4 ಬಂತು. ಅದೇ ಸಂಜೆಯ ಟ್ರಕ್ ಶೀಟಿನಲ್ಲಿ 4.0 ಇತ್ತು. ಊರ ತುಂಬ ಸುದ್ದಿ ಆಯ್ತು. ಪಾಯಿಂಟ್ ನಾಲ್ಕು ಜಿಡ್ಡು ಯಾರೋ ತಿಂದಿದ್ದಾರೆ. ಒಂದೋ ಕಾರ್ಯದರ್ಶಿ, ಇಲ್ಲಾ ಲಾರಿಯವರು, ಇಲ್ಲಾ ಮೇಲಿನವರು. ಎಂಟು ಮನೆಯವರು ಆಗಲೇ ಸಂಘ ಬಿಟ್ಟು ಖಾಸಗಿ ಹಾಲಿನವನಿಗೆ ಹಾಕೋಕೆ ಶುರು ಮಾಡಿದ್ದರು. ಕಾರ್ಯದರ್ಶಿಯನ್ನು ತೆಗೆಯಬೇಕು ಅಂತ ಸಭೆ ಕರೆಯುವ ಮಾತೂ ನಡೆದಿತ್ತು. ಮನುಷ್ಯ ಹನ್ನೆರಡು ವರ್ಷದಿಂದ ಆ ಕೆಲಸ ಮಾಡ್ತಿರೋರು. "ನಾನು ತಿಂದಿಲ್ಲ ಸರ್ ಅಂತ ಹೇಳಬಹುದು. ಆದರೆ ಜಿಡ್ಡು ಎಲ್ಲಿ ಹೋತು ಅಂದ್ರೆ ಹೇಳಕ್ಕೆ ನನಗೂ ಬರ್ತಿಲ್ಲ," ಅಂದರು.

ಸರಾಸರಿ ತೆಗೆಯುವ ರೀತಿ

ಮೊದಲು ಲೆಕ್ಕವನ್ನೇ ನೋಡೋಣ. 43 ಜನರದ್ದು ಬೇಡ, ಐದೇ ಜನರ ಉದಾಹರಣೆ ಸಾಕು.

ಒಬ್ಬರು 6 ಲೀಟರ್ ಹಾಕಿದರು, ಜಿಡ್ಡು 3.6. ಎರಡನೆಯವರು 4 ಲೀಟರ್, 4.2. ಮೂರನೆಯವರ ಮನೆಯಲ್ಲಿ ಎಚ್‌ಎಫ್ ಮಿಶ್ರತಳಿ ಇದೆ, 10 ಲೀಟರ್, 3.4. ನಾಲ್ಕನೆಯವರದು ಎಮ್ಮೆ, 3 ಲೀಟರ್, 6.5. ಐದನೆಯವರು 2 ಲೀಟರ್, 4.0. ಈ ಸಂಘದಲ್ಲಿ ಹಸು, ಎಮ್ಮೆ ಎರಡೂ ಹಾಲು ಒಂದೇ ಕ್ಯಾನಿಗೆ ಹೋಗುತ್ತೆ.

ಬರೀ ಜಿಡ್ಡನ್ನು ಕೂಡಿಸಿದರೆ 21.7, ಐದರಿಂದ ಭಾಗಿಸಿದರೆ 4.34. ನಿರ್ದೇಶಕರು ಮಾಡಿದ್ದು ಇದನ್ನೇ. ಆದರೆ ಕ್ಯಾನಿನೊಳಗೆ ಹಾಗೆ ಆಗೋದಿಲ್ಲ. ಮೂರು ಲೀಟರ್ ಎಮ್ಮೆ ಹಾಲಿಗೂ ಹತ್ತು ಲೀಟರ್ ಎಚ್‌ಎಫ್ ಹಾಲಿಗೂ ಒಂದೇ ತೂಕ ಕೊಡೋಕೆ ಆಗಲ್ಲ. ಪ್ರತಿಯೊಬ್ಬರ ಲೀಟರನ್ನು ಅವರವರ ಜಿಡ್ಡಿನಿಂದ ಗುಣಿಸಬೇಕು. 6 ಸಲ 3.6 ಅಂದರೆ 21.6. ಹಾಗೇ 16.8, 34, 19.5, 8. ಒಟ್ಟು 99.9. ಇದನ್ನು ಒಟ್ಟು ಹಾಲು 25 ಲೀಟರಿನಿಂದ ಭಾಗಿಸಿದರೆ 4.0. ಕ್ಯಾನಿನಲ್ಲಿ ಇರೋದು 4.0 ಹಾಲು. ಪಾಯಿಂಟ್ ಮೂರಕ್ಕಿಂತ ಹೆಚ್ಚು "ಕಳ್ಳತನ" ಆಗಿದ್ದು ಕಾಗದದ ಮೇಲೆ, ಹಾಲಿನಲ್ಲಲ್ಲ.

ಆ ಊರಿನ ಜಗಳಕ್ಕೆ ಮೂಲವೂ ಇದೇ. ಎಮ್ಮೆ ಇಟ್ಟವರು, ಒಂದೇ ನಾಟಿ ಆಕಳು ಇಟ್ಟವರು ಬಹಳ ಜನ. ಅವರ ಚೀಟಿಯಲ್ಲಿ ಜಿಡ್ಡು ಜಾಸ್ತಿ, ಲೀಟರು ಕಮ್ಮಿ. ಹೆಚ್ಚು ಹಾಲು ಬರೋದು ನಾಲ್ಕೈದು ಎಚ್‌ಎಫ್ ಮನೆಗಳಿಂದ, ಅವರ ಜಿಡ್ಡು ಕಮ್ಮಿ. ಚೀಟಿ ಎಣಿಸಿದರೆ ಮೊದಲನೆಯವರು ಗೆಲ್ತಾರೆ, ಕ್ಯಾನಿನಲ್ಲಿ ಎರಡನೆಯವರು ಗೆಲ್ತಾರೆ.

ಇನ್ನೊಂದು ಸಣ್ಣ ಗೊಂದಲವೂ ಇತ್ತು. ಊರಲ್ಲಿ 180 ಲೀಟರ್, ಟ್ರಕ್ ಶೀಟಿನಲ್ಲಿ 185 ಅಂತ ಇದೆ, ಇದೇನು ಅಂತ ಕೇಳಿದರು. ಅದು ಕೆ.ಜಿ. ಹಾಲು ನೀರಿಗಿಂತ ಸ್ವಲ್ಪ ಭಾರ. ಒಂದು ಲೀಟರ್ ಸುಮಾರು 1.03 ಕೆ.ಜಿ. ತೂಗುತ್ತೆ. ಮನೆಯಲ್ಲಿ ಐದು ಲೀಟರ್ ಅಂತ ಪಾತ್ರೆ ಅಳತೆ ನೋಡಿ ತಂದದ್ದು ಡೇರಿಯಲ್ಲಿ ಕಾಲು ಲೀಟರ್ ಕಮ್ಮಿ ಆದರೆ, ಮೊದಲು ನೊರೆ ನೋಡಿ. ಆಗ ತಾನೇ ಕರೆದ ಹಾಲಿನಲ್ಲಿ ನೊರೆಯೂ ಅಳತೆಗೆ ಸೇರಿರುತ್ತೆ.

ಆದರೂ ಪಾಯಿಂಟ್ ಒಂದು ಉಳೀತು

ಆ ಸಂಜೆಯ ಪುಸ್ತಕ ತೆಗೆದು 43 ಜನರದ್ದೂ ಇದೇ ರೀತಿ ಗುಣಿಸಿ ಕೂಡಿಸಿದೆವು. 738 ಬಂತು. 180ರಿಂದ ಭಾಗಿಸಿದರೆ 4.1. ಟ್ರಕ್ ಶೀಟ್ ಹೇಳೋದು 4.0. ಬೇರೆ ನಾಲ್ಕು ದಿನದ್ದು ತೆಗೆದರೂ ಸುಮಾರು ಅಷ್ಟೇ ಅಂತರ, ಅದೂ ಯಾವಾಗಲೂ ಒಂದೇ ಕಡೆಗೆ.

ಇಲ್ಲಿ ನಿಂತು ಯೋಚನೆ ಮಾಡಬೇಕು. ಸಂಘ ಸದಸ್ಯರಿಗೆ 4.1ಕ್ಕೆ ಹಣ ಕೊಡ್ತಿದೆ, ಒಕ್ಕೂಟದಿಂದ 4.0ಕ್ಕೆ ತಗೋತಿದೆ. ಅಂದರೆ ಸದಸ್ಯರಿಗೆ ಮೋಸ ಆಗಿಲ್ಲ, ಅವರಿಗೆ ಸ್ವಲ್ಪ ಜಾಸ್ತಿಯೇ ಸಿಕ್ಕಿದೆ. ನಷ್ಟ ಸಂಘದ್ದು. ಎಷ್ಟು ನಷ್ಟ? ಲೆಕ್ಕಕ್ಕೆ 0.1 ಜಿಡ್ಡಿಗೆ ಲೀಟರಿಗೆ 30 ಪೈಸೆ ಅಂತ ಇಟ್ಟುಕೊಳ್ಳಿ (ನಿಮ್ಮ ಸಂಘದ ದರಪಟ್ಟಿಯಲ್ಲಿ ಸರಿಯಾದ್ದನ್ನು ನೋಡಿಕೊಳ್ಳಿ). 180 ಲೀಟರಿಗೆ 54 ರೂಪಾಯಿ, ಎರಡು ಹೊತ್ತಿಗೆ 108, ತಿಂಗಳಿಗೆ 3,240. ಇದೇ ಸಂಘಕ್ಕೆ ಲೀಟರಿಗೆ ಒಂದು ರೂಪಾಯಿ ಉಳಿತಾಯ ಅಂತ ಹಿಡಿದರೆ ತಿಂಗಳಿಗೆ 10,800. ಅದರಲ್ಲೇ ಕಾರ್ಯದರ್ಶಿ, ಹಾಲು ಪರೀಕ್ಷಕರ ಸಂಬಳ, ಕರೆಂಟು, ಕ್ಯಾನು ತೊಳೆಯೋ ಖರ್ಚು. ಕಣ್ಣಿಗೆ ಕಾಣದ ಪಾಯಿಂಟ್ ಒಂದು ಜಿಡ್ಡು ಅದರಲ್ಲಿ ಮೂರನೇ ಒಂದು ಭಾಗದ ಹತ್ತಿರ ತಿಂದುಹಾಕುತ್ತೆ. ವರ್ಷದ ಕೊನೆಗೆ ಹಾಕಿದ ಹಾಲಿನ ಲೆಕ್ಕದಲ್ಲಿ ಕೊಡೋ ಬೋನಸ್ ಇದರಿಂದಲೇ ಕರಗೋದು.

ಅಂತರ ಉಲ್ಟಾ ಇದ್ದರೆ, ಅಂದರೆ ಚೀಟಿಯ ಸರಾಸರಿ 3.9 ಇದ್ದು ಟ್ರಕ್ ಶೀಟು ಪದೇ ಪದೇ 4.0 ತೋರಿಸಿದರೆ, ಆಗ ಸದಸ್ಯರು ಪ್ರಶ್ನೆ ಕೇಳಲೇಬೇಕು. ಅಲ್ಲಿ ಯಂತ್ರ ಕಮ್ಮಿ ತೋರಿಸ್ತಿರುತ್ತೆ ಅಥವಾ ಯಾರೋ ಕಮ್ಮಿ ಬರೀತಿರ್ತಾರೆ. ಒಂದು ದಿನ ಆ ಕಡೆ, ಒಂದು ದಿನ ಈ ಕಡೆ ಆದರೆ ಚಿಂತೆ ಇಲ್ಲ, ಯಾವ ಪರೀಕ್ಷೆಯಲ್ಲೂ ಅಷ್ಟು ವ್ಯತ್ಯಾಸ ಇದ್ದೇ ಇರುತ್ತೆ. ನೋಡಬೇಕಾದ್ದು ಅಂತರ ಒಂದೇ ಕಡೆಗೆ ವಾಲಿದೆಯಾ ಅನ್ನೋದನ್ನ.

ಕಾರಣ ಹುಡುಕೋಕೆ ಮಾರನೇ ದಿನ ಸಂಜೆ ಪರೀಕ್ಷಕ ಹುಡುಗನ ಪಕ್ಕ ಕೂತೆ. ಚುರುಕಾದ ಹುಡುಗ, ಒಬ್ಬರಿಗೆ ಅರ್ಧ ನಿಮಿಷದಲ್ಲಿ ಮಾದರಿ ತೆಗೆದು ಮುಗಿಸ್ತಾನೆ. ಆ ಚುರುಕಿನಲ್ಲೇ ಕಾರಣ ಇತ್ತು. ಸಾಲಿನಲ್ಲಿ ಕಾಯ್ತಾ ಪಾತ್ರೆಯಲ್ಲಿ ಹಾಲು ನಿಂತಿರುತ್ತೆ, ಜಿಡ್ಡು ಮೇಲಕ್ಕೆ ಏರಿರುತ್ತೆ, ಅವನು ಮೇಲಿಂದಲೇ ಬಾಟಲಿಗೆ ತುಂಬಿಕೊಳ್ತಿದ್ದ. ಅರ್ಧ ಗಂಟೆ ನಿಂತ ಒಂದು ಪಾತ್ರೆಯಿಂದ ಹಾಗೇ ಮೇಲಿನ ಹಾಲು ತೆಗೆಸಿದೆವು, 4.5 ಬಂತು. ಅದೇ ಪಾತ್ರೆಯನ್ನು ತಳದಿಂದ ಐದಾರು ಸಲ ಚೆನ್ನಾಗಿ ಕಲಕಿ ತೆಗೆಸಿದಾಗ 4.0. ಎಲ್ಲರದ್ದೂ ಇಷ್ಟು ಏರೋದಿಲ್ಲ. ಆಗ ತಾನೇ ತಂದವರದ್ದು ಸರಿಯಾಗೇ ಇರುತ್ತೆ. ಎಲ್ಲ ಸೇರಿ ಸರಾಸರಿ ಪಾಯಿಂಟ್ ಒಂದು ಮೇಲಕ್ಕೆ ಹೋಗೋಕೆ ಅಷ್ಟು ಸಾಕು.

ಯಂತ್ರವನ್ನೂ ನೋಡಿದೆವು. ಒಂದೇ ಮಾದರಿಯನ್ನು ಕಲಕಿ ಮೂರು ಸಲ ಇಟ್ಟೆವು. ಮೂರೂ ಒಂದೇ ಥರ ಬರಬೇಕು, ಪಾಯಿಂಟ್ ಒಂದಕ್ಕಿಂತ ಹೆಚ್ಚು ಹೊಯ್ದಾಡಿದರೆ ಒಳಗೆ ಗುಳ್ಳೆ ಇದೆ ಅಥವಾ ಹಾಲಿನ ಪದರ ಕಟ್ಟಿದೆ ಅಂತ ಅರ್ಥ. ಈ ಯಂತ್ರಗಳನ್ನು ಪ್ರತಿ ಹೊತ್ತು ಮುಗಿದ ಮೇಲೆ ಬಿಸಿ ನೀರಲ್ಲಿ ತೊಳೆದು, ಕಂಪನಿ ಹೇಳಿದ ದ್ರಾವಣ ಹಾಕಿ ಶುಚಿ ಮಾಡಬೇಕು. ಇಲ್ಲಿ ಯಂತ್ರ ಸ್ಥಿರವಾಗಿತ್ತು. ಆದರೆ ಸ್ಥಿರವಾಗಿದ್ದ ಮಾತ್ರಕ್ಕೆ ಸರಿಯಾಗಿದೆ ಅಂತಲ್ಲ. ಅದನ್ನು ತಿಳಿಯೋಕೆ ಹಳೇ ಗರ್ಬರ್ ಪರೀಕ್ಷೆಯೇ ಬೇಕು. ಗಾಜಿನ ಬ್ಯುಟಿರೋಮೀಟರಿಗೆ 10 ಮಿ.ಲೀ. ಗಂಧಕಾಮ್ಲ, 10.75 ಮಿ.ಲೀ. ಹಾಲು, 1 ಮಿ.ಲೀ. ಅಮೈಲ್ ಆಲ್ಕೋಹಾಲ್ ಹಾಕಿ ತಿರುಗಿಸಿದರೆ ಜಿಡ್ಡು ಬೇರೆಯಾಗಿ ಕಡ್ಡಿಯಲ್ಲಿ ನಿಲ್ಲುತ್ತೆ, ಕಣ್ಣಿಂದಲೇ ಓದಬಹುದು. ಆಮ್ಲದ ಕೆಲಸ, ಅಭ್ಯಾಸ ಇದ್ದವರೇ ಮಾಡಬೇಕು. ವಿಸ್ತರಣಾಧಿಕಾರಿ ಬಂದಾಗ ಒಂದೇ ಮಾದರಿಯನ್ನು ಎರಡೂ ರೀತಿಯಲ್ಲಿ ಪರೀಕ್ಷೆ ಮಾಡಿ ಅಂತ ಕೇಳುವ ಹಕ್ಕು ಸಂಘಕ್ಕಿದೆ. ಕೇಳಿ.

"ಆಕಳು ಅದೇ, ಮೇವು ಅದೇ"

ಲೆಕ್ಕ ಮುಗಿದ ಮೇಲೂ ಒಬ್ಬ ಅಜ್ಜಿ ಒಪ್ಪಲಿಲ್ಲ. "ನೋಡಪಾ ತಮ್ಮಾ, ಆಕಳು ಅದೇ, ಮೇವು ಅದೇ, ಕರಿಯೋ ಕೈನೂ ನಂದೇ. ನಿನ್ನೆ ನಾಕು ಇದ್ದದ್ದು ಇವತ್ತು ಮೂರೂವರಿ ಯಾಕಾತು? ಇದಕ್ಕೇನಂತೀ?" ಅಂದರು. ಆ ಪ್ರಶ್ನೆಗೆ ಉತ್ತರ ಡೇರಿಯಲ್ಲಿ ಸಿಗಲಿಲ್ಲ, ಅವರ ಕೊಟ್ಟಿಗೆಯಲ್ಲಿ ಸಿಕ್ಕಿತು.

ಕೆಚ್ಚಲಿನ ಹಾಲು ಮೊದಲಿಂದ ಕೊನೆವರೆಗೂ ಒಂದೇ ಥರ ಇರಲ್ಲ. ಮೊದಲು ಬರೋದು ತೆಳ್ಳಗೆ, ಕೊನೆಗೆ ಹಿಂಡಿ ತೆಗೆಯೋ ಹಾಲಿನಲ್ಲಿ ಜಿಡ್ಡು ಅದರ ಎರಡು ಮೂರು ಪಟ್ಟು. ಅಜ್ಜಿ ಕರುವಿಗೆ ಅಂತ ಕೊನೆಯ ಹಾಲನ್ನು ಬಿಡ್ತಾರೆ. ಕೆಲವು ದಿನ ಚೂರು, ಕೆಲವು ದಿನ ಜಾಸ್ತಿ, ಕರು ಎಷ್ಟು ಅರಚುತ್ತೆ ಅನ್ನೋದರ ಮೇಲೆ. ಲೆಕ್ಕ ಹಾಕಿ ನೋಡಿ: ಆಕಳಿನಲ್ಲಿ 4.0 ಜಿಡ್ಡಿನ 5 ಲೀಟರ್ ಇದೆ, ಗುಣಿಸಿದರೆ 20. ಕೊನೆಯ ಅರ್ಧ ಲೀಟರಿನ ಜಿಡ್ಡು 7 ಅಂದರೆ ಅದರಲ್ಲೇ 3.5 ಹೋಯ್ತು. ಉಳಿದ ನಾಲ್ಕೂವರೆ ಲೀಟರಿಗೆ 16.5, ಅಂದರೆ ಜಿಡ್ಡು 3.67. ಡೇರಿಗೆ ಬಂದಿದ್ದು ಈ ಹಾಲು.

ಕರುವಿಗೆ ಹಾಲು ಬೇಡ ಅಂತ ನಾನು ಹೇಳ್ತಿಲ್ಲ, ಅದರದ್ದೇ ಹಾಲು ಅದು. ಕೊನೆಯದನ್ನು ಬಿಡುವ ಬದಲು ಒಂದು ಮೊಲೆಯನ್ನು ಪೂರ್ತಿ ಕರುವಿಗೇ ಬಿಟ್ಟು, ಉಳಿದ ಮೂರನ್ನು ತಳ ಕಾಣುವವರೆಗೆ ಕರೆದುಕೊಳ್ಳಬಹುದು. ಬಿಡುವ ಮೊಲೆಯನ್ನು ದಿನ ದಿನ ಬದಲಿಸಬೇಕು. ಕರುವಿನ ಪಾಲು ಕಮ್ಮಿ ಆಗಲ್ಲ, ಚೀಟಿಯೂ ಹೊಯ್ದಾಡಲ್ಲ.

ಹೊತ್ತಿನ ಅಂತರವೂ ಒಂದು ಕಾರಣ. ಸಂಜೆ ನಾಲ್ಕೂವರೆಗೆ ಕರೆದು ಬೆಳಿಗ್ಗೆ ಐದೂವರೆಗೆ ಕರೆದರೆ ರಾತ್ರಿ ಹದಿಮೂರು ಗಂಟೆ, ಹಗಲು ಹನ್ನೊಂದು. ಅಂತರ ಹೆಚ್ಚಾದ ಹೊತ್ತಿನಲ್ಲಿ ಹಾಲು ಜಾಸ್ತಿ, ಜಿಡ್ಡು ಕಮ್ಮಿ. ಹಾಗಾಗಿ ಬೆಳಗಿನ ಚೀಟಿಯನ್ನು ಬೆಳಗಿನ ಜೊತೆ, ಸಂಜೆಯದನ್ನು ಸಂಜೆಯ ಜೊತೆ ಹೋಲಿಸಬೇಕು. ಅಜ್ಜಿ ಹೇಳಿದ "ನಿನ್ನೆ ನಾಕು" ಸಂಜೆಯದ್ದು, "ಇವತ್ತು ಮೂರೂವರಿ" ಬೆಳಗಿನದ್ದು.

ಮೇವಿನಲ್ಲಿ ನಾನು ಕಂಡಿದ್ದು ಎಚ್‌ಎಫ್ ಮನೆಗಳಲ್ಲಿ. ಹಿಂಡಿ, ಬೂಸಾ ಧಾರಾಳ. ಜೋಳದ ಸೊಪ್ಪೆ ಕಮ್ಮಿ. ಮೊದಲು ಇಲ್ಲಿ ಜೋಳ ಬಿತ್ತುತ್ತಿದ್ದರು, ಮೆಕ್ಕೆಜೋಳ ಬಂದ ಮೇಲೆ ಒಣ ಸೊಪ್ಪೆ ಕೊಂಡು ತರೋ ಹಾಗಾಗಿದೆ. ಹಾಲಿನ ಜಿಡ್ಡಿನ ದೊಡ್ಡ ಪಾಲು ತಯಾರಾಗೋದು ಒರಟು ಮೇವು ಹೊಟ್ಟೆಯಲ್ಲಿ ಹುಳಿತಾಗ. ಒಣ ಮೇವು ಕಡಿಮೆ ಮಾಡಿ ಹಿಂಡಿ ಹೆಚ್ಚಿಸಿದರೆ ಲೀಟರು ಏರಬಹುದು, ಜಿಡ್ಡು ಇಳಿಯುತ್ತೆ. ಎಸ್‌ಎನ್‌ಎಫ್ ವಿಷಯ ಬೇರೆ. ಹೊಟ್ಟೆಗೆ ಸಾಲದೆ ಇದ್ದರೆ, ಬೇಸಿಗೆಯ ಝಳಕ್ಕೆ ದನ ಮೇವು ಬಿಟ್ಟರೆ, ಕೆಚ್ಚಲು ಬಾವು ಇದ್ದರೆ ಅದು ಬೀಳುತ್ತೆ. ಜಿಡ್ಡು ಸರಿ ಇದ್ದು ಎಸ್‌ಎನ್‌ಎಫ್ ಮಾತ್ರ ಇದ್ದಕ್ಕಿದ್ದಂತೆ ಇಳಿದರೆ ಕೆಚ್ಚಲು ಮುಟ್ಟಿ ನೋಡಿ. ಜಿಡ್ಡು, ಎಸ್‌ಎನ್‌ಎಫ್ ಎರಡೂ ಜೊತೆಗೇ ಇಳಿದರೆ ನೀರಿನ ಅನುಮಾನ ಸಹಜ.

ಬಿಟ್ಟುಹೋದ ಎಂಟು ಮನೆ

ಖಾಸಗಿ ಹಾಲಿನವನು ಪರೀಕ್ಷೆ ಮಾಡಲ್ಲ, ಲೀಟರಿಗೆ ಇಷ್ಟು ಅಂತ ಒಂದೇ ರೇಟು, ಕಷ್ಟಕ್ಕೆ ಮುಂಗಡವನ್ನೂ ಕೊಡ್ತಾನೆ. ಹೋದವರನ್ನು ದೂರೋ ಹಾಗಿಲ್ಲ. ಆದರೆ ಒಂದೇ ರೇಟಿನಿಂದ ಲಾಭ ಆಗೋದು ಜಿಡ್ಡು ಕಮ್ಮಿ ಇರೋ ಹಾಲಿಗೆ. ಹೋದ ಎಂಟರಲ್ಲಿ ಐದು ಎಮ್ಮೆ ಮನೆಗಳು. 6.5ರ ಹಾಲನ್ನು 3.5ರ ಬೆಲೆಗೆ ಹಾಕ್ತಿದ್ದಾರೆ. ಜೊತೆಗೆ ಸರ್ಕಾರದ ಪ್ರೋತ್ಸಾಹಧನವೂ ತಪ್ಪಿತು. 2008ರಲ್ಲಿ ಲೀಟರಿಗೆ 2 ರೂಪಾಯಿ ಇದ್ದದ್ದು 2013ರಲ್ಲಿ 4, 2016ರಲ್ಲಿ 5 ಆಯ್ತು. ಅದು ಸಿಗೋದು ಸಹಕಾರ ಸಂಘಕ್ಕೆ ಹಾಕಿದ ಹಾಲಿಗೆ ಮಾತ್ರ. ತಡವಾಗಿ ಬರುತ್ತೆ ಅನ್ನೋ ದೂರು ಎಲ್ಲ ಕಡೆ ಇದೆ, ಅದು ನಿಜವೂ ಹೌದು. ಮುಂಗಡದ ವಿಷಯದಲ್ಲಿ ಮಾತ್ರ ಸಂಘದ ಹತ್ತಿರ ಉತ್ತರ ಇಲ್ಲ. ಮದುವೆ, ಆಸ್ಪತ್ರೆ ಅಂತ ಬಂದಾಗ ಬಟವಾಡೆ ದಿನಕ್ಕೆ ಕಾಯೋಕೆ ಆಗಲ್ಲ. ಹೋದವರಲ್ಲಿ ಮೂವರು ಹೋಗಿದ್ದು ಜಿಡ್ಡಿನ ಜಗಳಕ್ಕಲ್ಲ, ಇದಕ್ಕೇ.

ನಾನು ವಾಪಸ್ ಬರೋ ಹೊತ್ತಿಗೆ ಸಭೆ ಮುಂದಕ್ಕೆ ಹೋಗಿತ್ತು. ಸರಾಸರಿ ತೆಗೆದ ನಿರ್ದೇಶಕರೇ ದಿನಾ ಸಂಜೆ ಕೂತು ಲೀಟರ್ ಗುಣಿಸು ಜಿಡ್ಡು ಲೆಕ್ಕ ಮಾಡ್ತಿದ್ದಾರೆ, ಮೊಬೈಲಿನಲ್ಲಿ ಹದಿನೈದು ನಿಮಿಷದ ಕೆಲಸ. ಟ್ರಕ್ ಶೀಟಿನ ಅಂಕಿಯ ಪಕ್ಕ ಅದನ್ನೂ ಗೋಡೆ ಮೇಲಿನ ಕಪ್ಪು ಹಲಗೆಯಲ್ಲಿ ಬರೀತಾರೆ. ಪರೀಕ್ಷಕ ಹುಡುಗನಿಗೆ ಉದ್ದ ಹಿಡಿಯ ಸ್ಟೀಲ್ ಪ್ಲಂಜರ್ ತಂದುಕೊಟ್ಟಿದ್ದಾರೆ, ಕಲಕದೆ ಮಾದರಿ ತೆಗೆದರೆ ಸಾಲಿನಲ್ಲಿ ನಿಂತ ಹೆಂಗಸರೇ ಬೈತಾರೆ. ಸಾಲು ಸ್ವಲ್ಪ ನಿಧಾನ ಆಗಿದೆ. ಕಳೆದ ವಾರ ಕಾರ್ಯದರ್ಶಿ ಫೋನ್ ಮಾಡಿ ಆರು ಹೊತ್ತಿನ ಅಂಕಿ ಓದಿದರು: ನಾಲ್ಕು ಹೊತ್ತು ಸಂಘದ್ದು ಒಂದು ಕೂದಲೆಳೆ ಮೇಲೆ, ಎರಡು ಹೊತ್ತು ಕೆಳಗೆ. ಎಮ್ಮೆಯ ಐದು ಮನೆಗಳಲ್ಲಿ ಎರಡು ವಾಪಸ್ ಬಂದಿವೆಯಂತೆ, ಉಳಿದವರು ಮುಂಗಡ ತೀರುವವರೆಗೆ ಬರೋ ಹಾಗಿಲ್ಲ.